ತಿದ್ದಬೇಕಾದ ವಾಕ್ಯ ಯಾವುದು?

ಸರಕಾರಿ ನೌಕರಿಗೆ ನಡೆಯುವ ಪರೀಕ್ಷೆಗಳ ಭಾಷಾ ಪತ್ರಿಕೆಯಲ್ಲಿ ‘ವಾಕ್ಯ ತಿದ್ದುಪಡಿ’ ಎಂಬ ಭಾಗವೊಂದಿರುತ್ತದೆ. ಒಂದು ವಾಕ್ಯವನ್ನು ಕೊಟ್ಟು, ಅದರಲ್ಲಿ ತಪ್ಪು ಎಲ್ಲಿದೆ, ಸರಿಯಾದ ರೂಪ ಯಾವುದು ಎಂದು ಕೇಳುತ್ತಾರೆ. ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಯ ಸಾಮಾನ್ಯ ಕನ್ನಡ ಪತ್ರಿಕೆಗೆ ಕುಳಿತವರಿಗೂ ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಗೆ ಕುಳಿತವರಿಗೂ ಇದು ಪರಿಚಿತವೇ. ನಿವೃತ್ತಿಯ ಬಳಿಕವೂ ಹುನಗುಂದ, ಇಳಕಲ್ ಕಡೆಯ ಹುಡುಗರು ಆಗೊಮ್ಮೆ ಈಗೊಮ್ಮೆ ಮಾರ್ಗದರ್ಶಿ ಪುಸ್ತಕಗಳನ್ನು ಹಿಡಿದುಕೊಂಡು ನನ್ನಲ್ಲಿಗೆ ಬರುತ್ತಾರೆ. ಅವರು ತರುವ ಪ್ರಶ್ನೆಗಳನ್ನು ನೋಡುತ್ತ ನೋಡುತ್ತ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಈ ಪ್ರಶ್ನೆಗಳಲ್ಲಿ ಪದೇ ಪದೇ ಬರುವ ದೋಷಗಳು ಎರಡು: ಸಮಾಂತರ ರಚನೆಯ ದೋಷ ಮತ್ತು ಸರ್ವನಾಮ ಯಾರನ್ನು ಸೂಚಿಸುತ್ತದೆಂಬುದು ತಿಳಿಯದ ದೋಷ. ಇವೆರಡನ್ನೂ ನಾವು ಇಂಗ್ಲಿಷಿನ ಕನ್ನಡಕದಿಂದ ನೋಡಿ ಕಲಿಸುತ್ತಿದ್ದೇವೆ. ಅದರ ಫಲವಾಗಿ ಮಕ್ಕಳಿಗೆ ಕನ್ನಡದ ತಪ್ಪೂ ಕಾಣುವುದಿಲ್ಲ, ಇಂಗ್ಲಿಷಿನ ತಪ್ಪೂ ಕಾಣುವುದಿಲ್ಲ.

ಮೊದಲು ಸಮಾಂತರ ರಚನೆಯನ್ನು ನೋಡೋಣ. ಒಂದೇ ಕ್ರಿಯಾಪದಕ್ಕೆ ಎರಡು ಮೂರು ಸಂಗತಿಗಳನ್ನು ಜೋಡಿಸುವಾಗ ಆ ಸಂಗತಿಗಳೆಲ್ಲ ಒಂದೇ ರೂಪದಲ್ಲಿರಬೇಕು ಎಂಬುದಷ್ಟೇ ಇದರ ತಾತ್ಪರ್ಯ. ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗುವ ಸಾಮಾನ್ಯ ಉದಾಹರಣೆ ಈ ಬಗೆಯದು: ‘ಶಿ ಲೈಕ್ಸ್ ರೀಡಿಂಗ್, ಪೇಂಟಿಂಗ್ ಅಂಡ್ ಟು ಸಿಂಗ್.’ ಇಲ್ಲಿ ಮೊದಲೆರಡು ಒಂದು ರೂಪದವು, ಮೂರನೆಯದು ಬೇರೆ ರೂಪದ್ದು. ನಮ್ಮ ಹುಡುಗನಿಗೆ ಇದು ತಪ್ಪೆಂದು ಏಕೆ ತೋರುವುದಿಲ್ಲ? ಇಂಗ್ಲಿಷ್ ಬಾರದ್ದರಿಂದ ಎಂದು ಹೇಳಿಬಿಡುವುದು ಸುಲಭ. ನಿಜವಾದ ಕಾರಣ ಬೇರೆಯೇ ಇದೆ. ‘ಸಿಂಗಿಂಗ್’ ಎಂದರೂ ‘ಟು ಸಿಂಗ್’ ಎಂದರೂ ಅವನು ಮನಸ್ಸಿನಲ್ಲಿ ಮಾಡಿಕೊಳ್ಳುವ ಕನ್ನಡ ಒಂದೇ, ‘ಹಾಡುವುದು’. ಆದ್ದರಿಂದ ಅವನ ಕಿವಿಗೆ ಆ ವಾಕ್ಯ ‘ಓದುವುದು, ಚಿತ್ರ ಬರೆಯುವುದು, ಹಾಡುವುದು’ ಎಂದು ಸಮವಾಗಿಯೇ ಕೇಳುತ್ತದೆ. ಇಂಗ್ಲಿಷಿನಲ್ಲಿ ಬೇರೆಯಾಗಿರುವುದು ಕನ್ನಡಕ್ಕೆ ಬರುವಷ್ಟರಲ್ಲಿ ಒಂದೇ ಆಗಿಬಿಟ್ಟಿರುತ್ತದೆ. ಈ ಕಾರಣವನ್ನು ಒಮ್ಮೆ ಬಿಡಿಸಿ ಹೇಳಿದರೆ, ಅರ್ಥ ನೋಡದೆ ರೂಪವನ್ನಷ್ಟೇ ನೋಡಬೇಕಾದ ಪ್ರಶ್ನೆ ಇದು ಎಂಬುದು ಅವನಿಗೆ ಹೊಳೆಯುತ್ತದೆ.

ಇನ್ನು ಕನ್ನಡಕ್ಕೆ ಬಂದರೆ ತೊಡಕು ತಿರುವುಮುರುವಾಗುತ್ತದೆ. ಕನ್ನಡದಲ್ಲಿ ಸಂಗತಿಗಳನ್ನು ಜೋಡಿಸಲು ಮೂರು ದಾರಿಗಳಿವೆ. ಒಂದು, ಪ್ರತಿಯೊಂದಕ್ಕೂ ‘ಊ’ ಸೇರಿಸುವುದು: ‘ಬಾದಾಮಿಗೂ ಐಹೊಳೆಗೂ ಪಟ್ಟದಕಲ್ಲಿಗೂ ಹೋದೆವು’. ಎರಡು, ‘ಮತ್ತು’ ಬಳಸಿ ಪ್ರತಿಯೊಂದಕ್ಕೂ ವಿಭಕ್ತಿ ಪ್ರತ್ಯಯ ಹಚ್ಚುವುದು: ‘ಬಾದಾಮಿಗೆ, ಐಹೊಳೆಗೆ ಮತ್ತು ಪಟ್ಟದಕಲ್ಲಿಗೆ ಹೋದೆವು’. ಮೂರು, ಪ್ರತ್ಯಯವನ್ನು ಕೊನೆಯದಕ್ಕೆ ಮಾತ್ರ ಹಚ್ಚಿ ಅದು ಎಲ್ಲಕ್ಕೂ ಅನ್ವಯಿಸುವಂತೆ ಮಾಡುವುದು: ‘ಬಾದಾಮಿ, ಐಹೊಳೆ ಮತ್ತು ಪಟ್ಟದಕಲ್ಲಿಗೆ ಹೋದೆವು’. ಮೂರೂ ಶುದ್ಧ ಕನ್ನಡವೇ. ಆದರೆ ಹುನಗುಂದದ ಒಬ್ಬ ವಿದ್ಯಾರ್ಥಿ ತಂದಿದ್ದ ಮಾರ್ಗದರ್ಶಿಯೊಂದರಲ್ಲಿ ಮೂರನೆಯ ಬಗೆಯ ವಾಕ್ಯವನ್ನು ಕೊಟ್ಟು, ‘ಸಮಾಂತರ ರಚನೆ ಇಲ್ಲ’ ಎಂದು ಅದನ್ನು ತಪ್ಪಿನ ಪಟ್ಟಿಗೆ ಸೇರಿಸಿದ್ದರು.

“ಸರ್ರೀ, ನಮ್ಮ ಪಾಠದ ಪುಸ್ತಕದಾಗೂ ಹಿಂಗ ಬರೀತಾರಲ್ರೀ, ಇದರಾಗ ತಪ್ಪೇನೈತ್ರೀ?” ಎಂದು ಆ ಹುಡುಗ ಕೇಳಿದ.

“ತಪ್ಪೇನೂ ಇಲ್ಲಪ್ಪಾ. ನಿನ್ನ ಕಿವಿ ಸರಿ ಐತಿ, ಪುಸ್ತಕದ ಉತ್ತರ ಸರಿ ಇಲ್ಲ” ಎಂದೆ.

ಹಾಗಾದರೆ ತಪ್ಪಾಗುವುದು ಎಲ್ಲಿ? ಈ ಮೂರು ದಾರಿಗಳಲ್ಲಿ ಒಂದನ್ನು ಹಿಡಿದು ಹೊರಟು, ನಡುವೆ ಬಿಟ್ಟು, ಇನ್ನೊಂದನ್ನು ಹಿಡಿದಾಗ. ‘ಬಾದಾಮಿಗೆ, ಐಹೊಳೆ ಮತ್ತು ಪಟ್ಟದಕಲ್ಲಿಗೂ ಹೋದೆವು’ ಎಂದರೆ ಮೊದಲನೆಯದರಲ್ಲಿ ಪ್ರತ್ಯಯವಿದೆ, ಎರಡನೆಯದರಲ್ಲಿ ಇಲ್ಲ, ಮೂರನೆಯದರಲ್ಲಿ ಪ್ರತ್ಯಯದ ಜೊತೆಗೆ ‘ಊ’ ಕೂಡ ಬಂದಿದೆ. ಕೇಳುವವನಿಗೆ ಐಹೊಳೆಯನ್ನು ಎತ್ತ ಸೇರಿಸಬೇಕೆಂಬುದೇ ತಿಳಿಯುವುದಿಲ್ಲ. ಪ್ರತ್ಯಯ ಎಲ್ಲಕ್ಕೂ ಇರಲಿ, ಇಲ್ಲವೇ ಕೊನೆಯದಕ್ಕೆ ಮಾತ್ರ ಇರಲಿ ಎಂಬುದೇ ಕನ್ನಡದ ನಿಯಮ. ಇಂಗ್ಲಿಷಿನ ನಿಯಮವನ್ನು ಹಾಗೆಯೇ ಎತ್ತಿ ತಂದರೆ ಈ ‘ಇಲ್ಲವೇ’ ಕೈತಪ್ಪಿ ಹೋಗುತ್ತದೆ.

ಈಗ ಸರ್ವನಾಮದ ವಿಚಾರ. ಇಂಗ್ಲಿಷ್ ಪತ್ರಿಕೆಯಲ್ಲಿ ‘ರವಿ ಟೋಲ್ಡ್ ಮಹೇಶ್ ದಟ್ ಹಿ ಹ್ಯಾಡ್ ಪಾಸ್ಡ್’ ಎಂಬಂತಹ ವಾಕ್ಯ ಬರುತ್ತದೆ. ತೇರ್ಗಡೆಯಾದವನು ರವಿಯೋ ಮಹೇಶನೋ ಎಂಬುದು ಇದರಿಂದ ಗೊತ್ತಾಗುವುದಿಲ್ಲ. ಪರೀಕ್ಷಕರು ಬಯಸುವ ಉತ್ತರ ಅದೇ. ನಮ್ಮ ಹುಡುಗ ಇದನ್ನು ‘ತಪ್ಪಿಲ್ಲ’ ಎಂದು ಗುರುತು ಹಾಕಿ ಬರುತ್ತಾನೆ, ಕಾಲು ಅಂಕವನ್ನೂ ಕಳೆದುಕೊಳ್ಳುತ್ತಾನೆ. ಇದಕ್ಕೂ ಕಾರಣ ಅವನ ಕನ್ನಡವೇ. ಕನ್ನಡದಲ್ಲಿ ಆತ್ಮಾರ್ಥಕ ಸರ್ವನಾಮವಾದ ‘ತಾನು’ ಇದೆ. ‘ತಾನು ಪಾಸಾದೆನೆಂದು ರವಿ ಮಹೇಶನಿಗೆ ಹೇಳಿದನು’ ಎಂದರೆ ಪಾಸಾದವನು ರವಿ. ‘ಅವನು ಪಾಸಾಗಿದ್ದಾನೆಂದು ರವಿ ಮಹೇಶನಿಗೆ ಹೇಳಿದನು’ ಎಂದರೆ ಪಾಸಾದವನು ರವಿಯಲ್ಲ, ಬೇರೊಬ್ಬ. ಇಂಗ್ಲಿಷ್ ವಾಕ್ಯವನ್ನು ಓದುತ್ತಿರುವಾಗಲೇ ಹುಡುಗನ ಮನಸ್ಸು ಇವೆರಡರಲ್ಲಿ ಒಂದನ್ನು ಆರಿಸಿಕೊಂಡುಬಿಟ್ಟಿರುತ್ತದೆ. ಆರಿಸಿಕೊಂಡ ಮೇಲೆ ಸಂದಿಗ್ಧವೆಲ್ಲಿ ಉಳಿಯಿತು? ಅವನಿಗೆ ಹೇಳಿಕೊಡಬೇಕಾದ ಉಪಾಯ ಇಷ್ಟೇ: ‘ಹಿ’ ಅಥವಾ ‘ಹಿಸ್’ ಬಂದಲ್ಲೆಲ್ಲ ಅದನ್ನು ಒಮ್ಮೆ ‘ತಾನು, ತನ್ನ’ ಎಂದೂ ಇನ್ನೊಮ್ಮೆ ‘ಅವನು, ಅವನ’ ಎಂದೂ ಕನ್ನಡಿಸಿ ನೋಡು. ಎರಡೂ ಅರ್ಥ ಹೊಂದಿದರೆ ಆ ಇಂಗ್ಲಿಷ್ ವಾಕ್ಯ ಸಂದಿಗ್ಧವೆಂದು ತಿಳಿ. ಇಂಗ್ಲಿಷಿನ ದೋಷವನ್ನು ಕಂಡುಹಿಡಿಯಲು ಇಷ್ಟು ಒಳ್ಳೆಯ ಸಾಧನ ಕನ್ನಡದ ಮಕ್ಕಳ ಬಾಯಲ್ಲೇ ಇದ್ದರೂ ಅದನ್ನು ಬಳಸುವುದನ್ನು ಯಾರೂ ಅವರಿಗೆ ಹೇಳಿಕೊಡುವುದಿಲ್ಲ.

ಆದರೆ ಈ ಸಾಧನಕ್ಕೆ ಇತ್ತೀಚೆಗೆ ತುಕ್ಕು ಹಿಡಿಯುತ್ತಿದೆ. ಆಡುಮಾತಿನಲ್ಲಿ ನಾವು ‘ಅಂವಾ ಅವನ ಮನಿಗೆ ಹ್ವಾದ’ ಎನ್ನುತ್ತೇವೆ. ಹೋದವನ ಸ್ವಂತ ಮನೆಯೆಂದು ಕೇಳುವವರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆ, ಆದ್ದರಿಂದ ಆಡುಮಾತಿಗೆ ಅದು ಸಾಕು. ಬರಹದಲ್ಲಿ ಕೇಳುವವನು ಎದುರಿಗಿರುವುದಿಲ್ಲ. ಅಲ್ಲಿ ‘ಅವನು ತನ್ನ ಮನೆಗೆ ಹೋದನು’ ಎಂದೇ ಬರೆಯಬೇಕು. ಕನ್ನಡ ಪತ್ರಿಕೆಯಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಇದು. ನಾನು ನೋಡಿದ ಮಾರ್ಗದರ್ಶಿಗಳಲ್ಲಾದರೋ ಲಿಂಗ, ವಚನಗಳ ತಪ್ಪುಗಳಿಗೆ ಪುಟಗಟ್ಟಲೆ ಜಾಗವಿದೆ, ‘ತನ್ನ’ ಮತ್ತು ‘ಅವನ’ಗಳ ವ್ಯತ್ಯಾಸಕ್ಕೆ ಒಂದು ಸಾಲೂ ಇಲ್ಲ.

ಎರಡು ದೋಷಗಳೂ ಒಂದೇ ವಾಕ್ಯದಲ್ಲಿ ಕೂಡಿ ಬಂದರೆ ಹೇಗೆ ಬಿಡಿಸಬೇಕೆಂಬುದನ್ನು ಈಗ ನೋಡೋಣ. ಇಳಕಲ್ಲಿನ ಮಕ್ಕಳಿಗೆ ಹೇಳುವಾಗ ನಾನು ಮಗ್ಗದ ವಾಕ್ಯವನ್ನೇ ಕಟ್ಟಿ ಕೊಡುತ್ತೇನೆ:

‘ನೇಕಾರನು ಮಗನಿಗೆ ನೂಲಿಗೆ ಬಣ್ಣ ಹಾಕುವುದು, ಹಾಸು ಸಿದ್ಧಪಡಿಸಲು ಮತ್ತು ಸೆರಗಿನ ಜೋಡಣೆಯನ್ನು ಕಲಿಸಿ, ಅವನ ಮಗ್ಗವನ್ನು ಅವನಿಗೆ ಬಿಟ್ಟುಕೊಟ್ಟನು.’

ಮೊದಲು ಮಾಡಬೇಕಾದುದು ಕ್ರಿಯಾಪದವನ್ನು ಹಿಡಿಯುವುದು. ಇಲ್ಲಿ ಮೂರು ಸಂಗತಿಗಳೂ ‘ಕಲಿಸಿ’ ಎಂಬುದಕ್ಕೆ ಸೇರಬೇಕು. ಒಂದೊಂದನ್ನೇ ಅದರ ಜೊತೆ ಇಟ್ಟು ನೋಡಿ. ‘ಬಣ್ಣ ಹಾಕುವುದು ಕಲಿಸಿ’ ಎಂದಾಗ ‘ಅನ್ನು’ ಪ್ರತ್ಯಯ ಬೇಕೆನಿಸುತ್ತದೆ, ಆದರೂ ಅರ್ಥವಾಗುತ್ತದೆ. ‘ಹಾಸು ಸಿದ್ಧಪಡಿಸಲು ಕಲಿಸಿ’ ಸರಿಯಾಗಿಯೇ ಇದೆ. ‘ಸೆರಗಿನ ಜೋಡಣೆಯನ್ನು ಕಲಿಸಿ’ ಎಂಬುದೂ ಸರಿ. ಬಿಡಿಬಿಡಿಯಾಗಿ ನೋಡಿದಾಗ ದೊಡ್ಡ ತಪ್ಪೇನೂ ಕಾಣದಿರುವುದೇ ಈ ಬಗೆಯ ವಾಕ್ಯದ ಮೋಸ. ಆದ್ದರಿಂದ ಎರಡನೆಯ ಹೆಜ್ಜೆ ಬೇಕು: ಮೂರರ ತುದಿಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ‘ಹಾಕುವುದು’ ಕೃದಂತ ಭಾವನಾಮ, ‘ಸಿದ್ಧಪಡಿಸಲು’ ಕೃದಂತಾವ್ಯಯ, ‘ಜೋಡಣೆಯನ್ನು’ ದ್ವಿತೀಯಾ ವಿಭಕ್ತಿಯ ನಾಮಪದ. ಮೂರು ತುದಿ, ಮೂರು ರೂಪ. ದೋಷವಿರುವುದು ಇಲ್ಲಿ.

ಇಳಕಲ್ ಸೀರೆಯ ಬಗ್ಗೆ ತಿಳಿದವರಿಗೆ ಇದನ್ನು ವಿವರಿಸುವುದು ಸುಲಭ. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗಳ ಕುಣಿಕೆಗಳಿಗೆ ಸೆರಗಿನ ಎಳೆಗಳ ಕುಣಿಕೆಗಳನ್ನು ಒಂದಕ್ಕೊಂದು ಹೊಂದಿಸಿ ಸಿಕ್ಕಿಸಬೇಕು. ಎಳೆ ಎಷ್ಟು ಚೆನ್ನಾಗಿದ್ದರೂ ಕುಣಿಕೆಗೆ ಕುಣಿಕೆ ಕೂಡದಿದ್ದರೆ ಜೋಡಣೆ ನಿಲ್ಲುವುದಿಲ್ಲ. ವಾಕ್ಯದಲ್ಲೂ ಪ್ರತಿಯೊಂದು ಸಂಗತಿ ಸ್ವತಃ ಸರಿಯಾಗಿದ್ದರೆ ಸಾಲದು, ಅವುಗಳ ತುದಿಗಳು ಹೊಂದಬೇಕು.

ತಿದ್ದುವುದಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ‘ಬಣ್ಣ ಹಾಕುವುದನ್ನೂ ಹಾಸು ಸಿದ್ಧಪಡಿಸುವುದನ್ನೂ ಸೆರಗು ಜೋಡಿಸುವುದನ್ನೂ ಕಲಿಸಿ’ ಎನ್ನಬಹುದು. ‘ಬಣ್ಣ ಹಾಕಲು, ಹಾಸು ಸಿದ್ಧಪಡಿಸಲು, ಸೆರಗು ಜೋಡಿಸಲು ಕಲಿಸಿ’ ಎಂದರೂ ಸರಿ. ‘ಬಣ್ಣ ಹಾಕುವುದು, ಹಾಸು ಸಿದ್ಧಪಡಿಸುವುದು ಮತ್ತು ಸೆರಗು ಜೋಡಿಸುವುದನ್ನು ಕಲಿಸಿ’ ಎಂದು ಪ್ರತ್ಯಯವನ್ನು ಕೊನೆಗೆ ಮಾತ್ರ ಹಚ್ಚಿದರೂ ತಪ್ಪಿಲ್ಲ. ಪ್ರಶ್ನೆ ಮಾಡುವವರು ಈ ಮೂರರಲ್ಲಿ ಎರಡನ್ನು ಆಯ್ಕೆಗಳಾಗಿ ಕೊಟ್ಟು ಒಂದನ್ನಷ್ಟೇ ಸರಿಯೆಂದರೆ ಅದು ಅವರ ತಪ್ಪು, ಬರೆಯುವವನದಲ್ಲ.

ಇನ್ನು ವಾಕ್ಯದ ಉತ್ತರಾರ್ಧ. ‘ಅವನ ಮಗ್ಗವನ್ನು ಅವನಿಗೆ’ ಎಂಬಲ್ಲಿ ಎರಡು ಸರ್ವನಾಮಗಳಿವೆ. ಸರ್ವನಾಮದ ಜಾಗದಲ್ಲಿ ಹೆಸರನ್ನಿಟ್ಟು ಓದಿ. ‘ನೇಕಾರನ ಮಗ್ಗವನ್ನು ಮಗನಿಗೆ’ ಎಂಬುದು ನಮಗೆ ಬೇಕಾದ ಅರ್ಥ. ಬಿಟ್ಟುಕೊಟ್ಟವನು ನೇಕಾರ, ಅಂದರೆ ಕರ್ತೃಪದ ಅವನೇ. ಮಗ್ಗ ಕರ್ತೃವಿನದೇ ಆದ್ದರಿಂದ ಮೊದಲನೆಯದು ‘ತನ್ನ’ ಆಗಬೇಕು. ಎರಡನೆಯದು ಕರ್ತೃವನ್ನು ಸೂಚಿಸದೆ ಮಗನನ್ನು ಸೂಚಿಸುವುದರಿಂದ ‘ಅವನಿಗೆ’ ಎಂದೇ ಉಳಿಯಬೇಕು. ‘ತನ್ನ ಮಗ್ಗವನ್ನು ಅವನಿಗೆ ಬಿಟ್ಟುಕೊಟ್ಟನು.’ ಮೊದಲಿನ ರೂಪವನ್ನೇ ಉಳಿಸಿಕೊಂಡರೆ ಮಗನದೇ ಆಗಿದ್ದ ಮಗ್ಗವನ್ನು ತಂದೆ ಇಷ್ಟು ದಿನ ಹಿಡಿದಿಟ್ಟುಕೊಂಡು ಈಗ ಮರಳಿಸಿದನೆಂಬ ಅರ್ಥಕ್ಕೂ ಅವಕಾಶವಾಗುತ್ತದೆ. ಒಂದು ಪದದಿಂದ ಮಗ್ಗದ ಒಡೆತನವೇ ಬದಲಾಗುತ್ತದೆ.

ಒಡೆತನದ ಮಾತು ಬಂದುದರಿಂದ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಪ್ರಥಮ ದರ್ಜೆ ಸಹಾಯಕನಾಗಿ ಆಯ್ಕೆಯಾದವನು ನೌಕರಿಯಲ್ಲಿ ಮಾಡುವ ಕೆಲಸವೇನು? ಟಿಪ್ಪಣಿ, ನಡಾವಳಿ, ಪತ್ರಗಳನ್ನು ಬರೆಯುವುದು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಅಂತಹ ಕಾಗದಗಳ ಬೆಲೆ ಎಷ್ಟೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗಗಳು ಮುಳುಗಿ ನವನಗರ ಎದ್ದು ನಿಂತ ಜಿಲ್ಲೆ ಇದು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿಂದ ಇನ್ನೂ ಎಷ್ಟೋ ಕುಟುಂಬಗಳ ಹೊಲಮನೆಗಳು ಕಾಗದದ ಮೇಲೆ ಬರಲಿವೆ. ಅಂತಹ ಕಡತದಲ್ಲಿ ಬರಬಹುದಾದ ಒಂದು ವಾಕ್ಯವನ್ನು ಕಟ್ಟಿ ನೋಡಿ:

‘ಅರ್ಜಿದಾರರು ಸಹೋದರರೊಂದಿಗೆ ಕಚೇರಿಗೆ ಹಾಜರಾಗಿ, ಅವರ ಹೆಸರಿನಲ್ಲಿರುವ ಎರಡು ಎಕರೆ ಜಮೀನಿನ ಪರಿಹಾರಧನವನ್ನು ಅವರಿಗೆ ನೀಡಬೇಕೆಂದು ಕೋರಿರುತ್ತಾರೆ.’

ವ್ಯಾಕರಣದ ಕಣ್ಣಿಗೆ ಇದರಲ್ಲಿ ಲಿಂಗದ ತಪ್ಪಿಲ್ಲ, ವಚನದ ತಪ್ಪಿಲ್ಲ. ಆದರೆ ಜಮೀನು ಯಾರ ಹೆಸರಿನಲ್ಲಿದೆ? ಅರ್ಜಿದಾರರದೋ, ಸಹೋದರರದೋ, ಇಬ್ಬರದೂ ಜಂಟಿಯೋ? ಹಣ ಯಾರಿಗೆ? ಅಲ್ಲಿಯೂ ಅದೇ ಮೂರು ಸಾಧ್ಯತೆಗಳು. ಮೂರಕ್ಕೆ ಮೂರು ಸೇರಿ ಒಂಬತ್ತು ಬಗೆಯಲ್ಲಿ ಈ ಒಂದು ವಾಕ್ಯವನ್ನು ಓದಬಹುದು. ಏಕವಚನದಲ್ಲಾದರೆ ತೊಡಕು ಇಷ್ಟಿರುತ್ತಿರಲಿಲ್ಲ. ಗೌರವಕ್ಕಾಗಿ ಒಬ್ಬರನ್ನೂ ‘ಅವರು’ ಎನ್ನುವ ನಮ್ಮ ರೂಢಿಯಿಂದ ಒಬ್ಬರೋ ಹಲವರೋ ಎಂಬುದೂ ಮರೆಯಾಗುತ್ತದೆ.

‘ಅವರ’ ಎಂಬುದರ ಜಾಗದಲ್ಲಿ ‘ತಮ್ಮ’ ಎಂದು ಹಾಕಿದರೆ ಸರಿಹೋಗುವುದಿಲ್ಲವೇ ಎಂದು ಚುರುಕಿನ ವಿದ್ಯಾರ್ಥಿ ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆಯೇ. ಆದರೆ ‘ತಾನು’ ಎಂಬುದಕ್ಕಿರುವ ಬಿಗಿ ‘ತಾವು’ ಎಂಬುದಕ್ಕಿಲ್ಲ. ‘ತಾವು’ ಆತ್ಮಾರ್ಥಕವೂ ಹೌದು, ಎದುರಿಗಿರುವ ಹಿರಿಯರನ್ನು ಗೌರವದಿಂದ ಸಂಬೋಧಿಸುವ ಪದವೂ ಹೌದು. ಮೇಲಧಿಕಾರಿಗೆ ಬರೆದ ಪತ್ರದಲ್ಲಿ ‘ತಮ್ಮ ಗಮನಕ್ಕೆ ತರಲಾಗಿದೆ’ ಎಂದು ಒಂದು ಸಾಲಿನಲ್ಲಿ ಬರೆದು, ಮುಂದಿನ ಸಾಲಿನಲ್ಲಿ ‘ತಮ್ಮ ಹೆಸರಿನಲ್ಲಿರುವ ಜಮೀನು’ ಎಂದರೆ ಜಮೀನು ಅಧಿಕಾರಿಯದೇ ಆದೀತು! ಆದ್ದರಿಂದ ಇಂತಹ ಕಡೆ ಸರ್ವನಾಮವನ್ನೇ ಕೈಬಿಟ್ಟು ಹೆಸರನ್ನು ಮತ್ತೆ ಹೇಳುವುದೊಂದೇ ದಾರಿ: ‘ಅರ್ಜಿದಾರರ ಹೆಸರಿನಲ್ಲಿರುವ ಎರಡು ಎಕರೆ ಜಮೀನಿನ ಪರಿಹಾರಧನವನ್ನು ಅರ್ಜಿದಾರರಿಗೇ ನೀಡಬೇಕೆಂದು’. ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದೆಂದು ನಾವು ಪ್ರಬಂಧ ಬರೆಸುವಾಗ ಮಕ್ಕಳಿಗೆ ಹೇಳುತ್ತೇವೆ. ಪ್ರಬಂಧಕ್ಕೆ ಆ ಮಾತು ಸಲ್ಲುತ್ತದೆ, ಪರಿಹಾರದ ಕಡತಕ್ಕೆ ಸಲ್ಲುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸರ್ವನಾಮಕ್ಕೆ ಹಿಂದೆ ಒಂದು ನಾಮಪದ ಇರಲೇಬೇಕು ಎಂಬ ಇಂಗ್ಲಿಷ್ ಪತ್ರಿಕೆಯ ಕಟ್ಟುನಿಟ್ಟನ್ನು ಕನ್ನಡಕ್ಕೆ ಹೇರಬಾರದು. ‘ಮಳೆ ತಡವಾಯಿತು, ಇದರಿಂದ ಬಿತ್ತನೆ ಹಿಂದೆ ಬಿತ್ತು’ ಎಂಬಲ್ಲಿ ‘ಇದರಿಂದ’ ಎಂಬುದು ಮಳೆಯನ್ನು ಸೂಚಿಸುವುದಿಲ್ಲ, ಮಳೆ ತಡವಾದ ಇಡೀ ಸಂಗತಿಯನ್ನು ಸೂಚಿಸುತ್ತದೆ. ಕನ್ನಡದಲ್ಲಿ ಇದು ಸಹಜ. ಇಂಗ್ಲಿಷಿನ ಕಟ್ಟುನಿಟ್ಟಾದ ಪರೀಕ್ಷೆಗಳಲ್ಲಿ ‘ವಿಚ್’ ಎಂಬುದನ್ನು ಹೀಗೆ ಬಳಸಿದರೆ ಅಂಕ ಹೋಗುತ್ತದೆ. ಆಯಾ ಭಾಷೆಯ ನಿಯಮ ಆಯಾ ಭಾಷೆಗೆ. ಇದಿಷ್ಟು ತಿಳಿದ ಹುಡುಗ ಎರಡೂ ಪತ್ರಿಕೆಗಳಲ್ಲಿ ಗೆಲ್ಲುತ್ತಾನೆ.

ಸಮಾಂತರ ರಚನೆ, ಸರ್ವನಾಮದ ಸ್ಪಷ್ಟತೆ ಇವೆಲ್ಲ ಇಂಗ್ಲಿಷಿನಿಂದ ಬಂದ ಹೊಸ ವಿಚಾರಗಳೆಂದು ಯಾರಾದರೂ ಭಾವಿಸಿದರೆ ಅವರು ಒಮ್ಮೆ ಬಾದಾಮಿಗೆ ಹೋಗಬೇಕು. ಅಲ್ಲಿ ಕೆರೆಯ ಬಳಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರ ಕಾಲದ್ದೆಂದು ಲಿಪಿಯ ಆಧಾರದಿಂದ ವಿದ್ವಾಂಸರು ಹೇಳುತ್ತಾರೆ. ಕನ್ನಡದ ತ್ರಿಪದಿಗೆ ದೊರೆತ ಬಹಳ ಹಳೆಯ ಉದಾಹರಣೆ ಅದು. ಒಳ್ಳೆಯವನಿಗೆ ಒಳ್ಳೆಯವನು, ಮೃದುವಾದವನಿಗೆ ಮೃದುವಾದವನು, ಪೀಡಿಸುವವನಿಗೆ ಅದಕ್ಕೆ ತಕ್ಕ ಪ್ರತೀಕಾರ ಮಾಡುವವನು ಎಂಬ ಭಾವದ ಮೂರು ಮಾತುಗಳು ಅದರಲ್ಲಿವೆ. ಅವುಗಳ ಕಟ್ಟಡವನ್ನು ಗಮನಿಸಿ. ಮೂರರಲ್ಲೂ ಮೊದಲು ಚತುರ್ಥೀ ವಿಭಕ್ತಿಯ ಪದ, ಅನಂತರ ಪ್ರಥಮಾ ವಿಭಕ್ತಿಯ ಪದ. ಮೂರನೆಯ ಮಾತು ಉಳಿದೆರಡಕ್ಕಿಂತ ಉದ್ದವಾಗಿದೆ, ಆದರೆ ವಿಭಕ್ತಿಯ ಕ್ರಮ ಮುರಿದಿಲ್ಲ. ಸಮಾಂತರವೆಂದರೆ ಉದ್ದ ಸಮವಾಗಿರುವುದಲ್ಲ, ರೂಪ ಸಮವಾಗಿರುವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಈ ಮೂರೂ ಆದ ಮೇಲೆ ‘ಈತ’ ಎಂಬ ಸರ್ವನಾಮ ಬರುತ್ತದೆ. ಒಳ್ಳೆಯವನು, ಮೃದುವಾದವನು, ಪೀಡಕ ಎಂದು ಇಷ್ಟೊಂದು ಜನರ ಪ್ರಸ್ತಾಪವಿದ್ದರೂ ‘ಈತ’ ಯಾರೆಂಬ ಸಂದೇಹ ಓದುವವನಿಗೆ ಹುಟ್ಟುವುದೇ ಇಲ್ಲ. ಏಕೆಂದರೆ ಎದುರಿನವರೆಲ್ಲ ಚತುರ್ಥಿಯಲ್ಲಿದ್ದಾರೆ, ಪ್ರಥಮೆಯಲ್ಲಿರುವುದೆಲ್ಲ ಒಬ್ಬನೇ ವ್ಯಕ್ತಿ. ರಚನೆ ಸಮವಾಗಿರುವುದರಿಂದಲೇ ಸರ್ವನಾಮ ಸ್ಪಷ್ಟವಾಗಿದೆ. ನಾವು ಪರೀಕ್ಷೆಗಾಗಿ ಎರಡು ಬೇರೆ ಬೇರೆ ದೋಷಗಳೆಂದು ಪಟ್ಟಿ ಮಾಡುವ ಸಂಗತಿಗಳು ಒಂದೇ ಗುಣದ ಎರಡು ಮುಖಗಳೆಂಬುದನ್ನು ಆ ಬಂಡೆ ತೋರಿಸಿಕೊಡುತ್ತದೆ.

ಆದ್ದರಿಂದ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿ ನನ್ನ ವಿನಂತಿ ಎರಡೇ. ಕನ್ನಡ ಪತ್ರಿಕೆಗೆ ಇಂಗ್ಲಿಷ್ ಪ್ರಶ್ನೆಗಳನ್ನು ಅನುವಾದಿಸಿ ಹಾಕಬೇಡಿ. ವಿಭಕ್ತಿಯ ತುದಿಗಳನ್ನೂ ‘ತನ್ನ’, ‘ಅವನ’, ‘ತಮ್ಮ’, ‘ಅವರ’ ಎಂಬ ಪದಗಳನ್ನೂ ಪರೀಕ್ಷಿಸುವ ಪ್ರಶ್ನೆಗಳನ್ನು ಕೇಳಿ. ಆ ವಾಕ್ಯಗಳನ್ನು ನಿಮ್ಮ ಇಲಾಖೆಗಳ ಕಡತಗಳ ಧಾಟಿಯಿಂದಲೇ ಆರಿಸಿ. ಆಗ ಆ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ ಹುಡುಗಿಯೋ ಹುಡುಗನೋ ನಾಳೆ ಕಚೇರಿಯ ಮೇಜಿನ ಆಚೆ ಕುಳಿತಾಗ, ಈಚೆ ನಿಂತ ರೈತನ ಎರಡು ಎಕರೆ ಯಾರ ಹೆಸರಿನಲ್ಲಿದೆಯೆಂಬುದನ್ನು ಒಂದೇ ಅರ್ಥ ಬರುವಂತೆ ಬರೆದಾರು.